ರಿಸರ್ವ್ ಯಾವುದು, ಪ್ರಾವಿಷನ್ ಯಾವುದು: ಒಂದು ಕಂಪನಿಯ ಬ್ಯಾಲೆನ್ಸ್ ಶೀಟ್ ಹಿಡಿದು ಸಾಲು ಸಾಲಾಗಿ ಓದೋಣ

"ಸರ್, ಕಂಪನಿ ಹತ್ರ 2 ಕೋಟಿಗಿಂತ ಜಾಸ್ತಿ ರಿಸರ್ವ್ ಇದೆ ಅಂತ ಬ್ಯಾಲೆನ್ಸ್ ಶೀಟ್‌ನಲ್ಲೇ ಬರೆದಿದೆ. ಮತ್ತೆ ಸಂಬಳ ಯಾಕೆ ಹತ್ತು ದಿನ ತಡ?" ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಹುಡುಗ ಒಮ್ಮೆ ನನ್ನನ್ನು ಹೀಗೆ ಕೇಳಿದ. ಅವನಿಗೆ ಸರಿಯಾಗಿ ಉತ್ತರ ಕೊಡಬೇಕಾದರೆ ರಿಸರ್ವ್ ಅಂದರೇನು, ಪ್ರಾವಿಷನ್ ಅಂದರೇನು, ರಿಸರ್ವ್‌ನಲ್ಲಿ ಎಷ್ಟನ್ನು ಹಂಚಬಹುದು, ಎಷ್ಟನ್ನು ಮುಟ್ಟುವಂತಿಲ್ಲ, ಇಷ್ಟನ್ನೂ ಬಿಡಿಸಿ ಹೇಳಬೇಕು. ಅದನ್ನೇ ಇಲ್ಲಿ ಮಾಡುತ್ತೇನೆ.

ಉದಾಹರಣೆಗೆ ನೀರೆತ್ತುವ ಪಂಪ್ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದುಕೊಳ್ಳಿ. ಲೆಕ್ಕದ ವರ್ಷ 31 ಮಾರ್ಚ್ 2025ಕ್ಕೆ ಮುಗಿದಿದೆ. ಷೇರು ಬಂಡವಾಳ 100 ಲಕ್ಷ. ಸವಕಳಿ ಕಳೆದ ಮೇಲೆ, ಆದರೆ ಯಾವ ಪ್ರಾವಿಷನ್ನನ್ನೂ ಇನ್ನೂ ತೆಗೆಯದೆ, ಈ ವರ್ಷದ ಲಾಭ 100 ಲಕ್ಷ. ಅಂಕಿಗಳು ನಾನೇ ಇಟ್ಟುಕೊಂಡವು, ನಿಯಮಗಳು ಮಾತ್ರ ನಮ್ಮ ದೇಶದ ಕಂಪನಿ ಕಾಯ್ದೆಯವು.

ಹೆಜ್ಜೆ 1: ಮೊದಲು ಕೇಳಿ, ಈ ದುಡ್ಡು ಯಾರದ್ದು?

ಇದೊಂದೇ ಪ್ರಶ್ನೆಯಿಂದ ಅರ್ಧ ಗೊಂದಲ ಕಳೆಯುತ್ತದೆ. ಪ್ರಾವಿಷನ್ ಅಂದರೆ ಆಗಲೇ ಕೈತಪ್ಪಿರುವ ಅಥವಾ ಕೈಬಿಡಲಿರುವ ದುಡ್ಡು. ನಷ್ಟ ಆಗಿದೆ ಅಥವಾ ಹೊಣೆ ಬಿದ್ದಿದೆ, ಎಷ್ಟು ಅಂತ ಪೈಸೆ ಲೆಕ್ಕದಲ್ಲಿ ಮಾತ್ರ ಗೊತ್ತಿಲ್ಲ, ಅಷ್ಟೇ. ರಿಸರ್ವ್ ಹಾಗಲ್ಲ, ಅದು ಪೂರ್ತಿ ಮಾಲೀಕರದ್ದು, ಅಂದರೆ ಷೇರುದಾರರದ್ದು. ಎಲ್ಲ ಖರ್ಚು, ಎಲ್ಲ ಪ್ರಾವಿಷನ್, ತೆರಿಗೆ ಕಳೆದು ಉಳಿದ ಲಾಭದಲ್ಲಿ ಹಂಚದೆ ಒಳಗೇ ಇಟ್ಟುಕೊಂಡ ಭಾಗ ಅದರಲ್ಲಿ ಮುಖ್ಯವಾದದ್ದು.

ಹಾಗಾಗಿ ಲಾಭ ಬರಲಿ ನಷ್ಟ ಬರಲಿ, ಪ್ರಾವಿಷನ್ ತೆಗೆಯಲೇಬೇಕು. ವರ್ಷ ಪೂರ್ತಿ ನಷ್ಟವಾಗಿದ್ದರೂ ಮುಳುಗುವ ಬಾಕಿ ಮುಳುಗುವುದು ನಿಲ್ಲುವುದಿಲ್ಲವಲ್ಲ. ಲಾಭದಿಂದ ರಿಸರ್ವ್‌ಗೆ ಹಾಕುವುದು ಮಾತ್ರ ಲಾಭ ಇದ್ದಾಗಷ್ಟೇ. 1956ರ ಹಳೇ ಕಾಯ್ದೆ ಇದ್ದಾಗ ಡಿವಿಡೆಂಡ್ ಕೊಡುವ ಮೊದಲು ಲಾಭದ ಒಂದು ಪಾಲನ್ನು ರಿಸರ್ವ್‌ಗೆ ಹಾಕಲೇಬೇಕು ಎಂಬ ನಿಯಮ ಇತ್ತು. 2013ರ ಕಾಯ್ದೆಯ 123ನೇ ಸೆಕ್ಷನ್ ಅದನ್ನು ಕಂಪನಿಯ ಇಷ್ಟಕ್ಕೆ ಬಿಟ್ಟಿದೆ.

ಹೆಜ್ಜೆ 2: ಪ್ರಾವಿಷನ್‌ಗಳನ್ನು ತೆಗೆಯಿರಿ

ನಮ್ಮ ಪಂಪ್ ಕಂಪನಿಗೆ ಗಿರಾಕಿಗಳಿಂದ ಬರಬೇಕಾದ ಬಾಕಿ 200 ಲಕ್ಷ. ಇದರಲ್ಲಿ ಒಬ್ಬ ಡೀಲರ್ ಅಂಗಡಿ ಮುಚ್ಚಿ ಹೋಗಿದ್ದಾನೆ, ಅವನ ಬಾಕಿ 8 ಲಕ್ಷ. ಬರುವ ಆಸೆ ಕಡಿಮೆ. ಆಗ ಲಾಭ-ನಷ್ಟ ಖಾತೆಯಲ್ಲಿ 8 ಲಕ್ಷ ಖರ್ಚು ಎಂದು ಬರೆದು, ಬ್ಯಾಲೆನ್ಸ್ ಶೀಟ್‌ನಲ್ಲಿ ಬಾಕಿಯನ್ನು 192 ಲಕ್ಷ ಎಂದು ತೋರಿಸಬೇಕು. ಗಮನಿಸಿ, ಈ ಪ್ರಾವಿಷನ್ ಬ್ಯಾಲೆನ್ಸ್ ಶೀಟ್‌ನಲ್ಲಿ "ಪ್ರಾವಿಷನ್‌ಗಳು" ಎಂಬ ಸಾಲಿನಲ್ಲಿ ಕಾಣುವುದೇ ಇಲ್ಲ, ಆಸ್ತಿಯ ಮೊತ್ತದೊಳಗೇ ಕಳೆದುಹೋಗಿರುತ್ತದೆ. ಹುಡುಕಬೇಕೆಂದರೆ ಬಾಕಿಯ ನೋಟ್, ಅಂದರೆ ಬ್ಯಾಲೆನ್ಸ್ ಶೀಟ್ ಜೊತೆ ಲಗತ್ತಿಸಿದ ವಿವರಣೆ, ತೆಗೆದು ನೋಡಬೇಕು.

ಎರಡನೆಯದು ವಾರಂಟಿ. ಈ ವರ್ಷ 5,000 ಪಂಪ್ ಮಾರಿದ್ದಾರೆ, ಎಲ್ಲಕ್ಕೂ 1 ವರ್ಷ ವಾರಂಟಿ ಇದೆ. ಹಿಂದಿನ ವರ್ಷಗಳ ಅನುಭವದ ಪ್ರಕಾರ ನೂರಕ್ಕೆ 4 ಪಂಪ್ ರಿಪೇರಿಗೆ ವಾಪಸ್ ಬರುತ್ತವೆ, ಒಂದಕ್ಕೆ ಸರಾಸರಿ 1,500 ರೂಪಾಯಿ ಖರ್ಚು. ಅಂದರೆ 200 ಪಂಪ್, 3 ಲಕ್ಷ ರೂಪಾಯಿ. ಯಾವ ಪಂಪ್ ಕೆಡುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಆದರೆ ಮಾರಿದ ದಿನವೇ ಹೊಣೆ ಬಿದ್ದಾಗಿದೆ, ದುಡ್ಡು ಹೋಗುವ ಸಂಭವ ಹೆಚ್ಚಿದೆ, ಅಂದಾಜಿಗೆ ಆಧಾರವೂ ಇದೆ. ಈ ಮೂರೂ ಕೂಡಿದರೆ ಪ್ರಾವಿಷನ್ ತೆಗೆಯಿರಿ ಎನ್ನುತ್ತದೆ ಲೆಕ್ಕಪತ್ರ ಮಾನದಂಡ 29. ಒಂದು ತಪ್ಪಿದರೂ ತೆಗೆಯುವ ಹಾಗಿಲ್ಲ. ವಾರಂಟಿಯ ಈ 3 ಲಕ್ಷ ಹೊಣೆಗಳ ಕಡೆ, 12 ತಿಂಗಳೊಳಗಿನದಾದ್ದರಿಂದ "ಶಾರ್ಟ್-ಟರ್ಮ್ ಪ್ರಾವಿಷನ್ಸ್" ಸಾಲಿನಲ್ಲಿ ಕೂರುತ್ತದೆ. ಅದಕ್ಕಿಂತ ಮುಂದೆ ಕೊಡಬೇಕಾದದ್ದು, ಉದಾಹರಣೆಗೆ ಗ್ರಾಚ್ಯುಟಿಯ ದೊಡ್ಡ ಭಾಗ, "ಲಾಂಗ್-ಟರ್ಮ್ ಪ್ರಾವಿಷನ್ಸ್" ಕಡೆಗೆ ಹೋಗುತ್ತದೆ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಮಾರ್ಚ್ ತಿಂಗಳ ಕರೆಂಟ್ ಬಿಲ್ 41,000 ಬಂದಿದೆ, ಕಟ್ಟಿಲ್ಲ. ಇದು ಪ್ರಾವಿಷನ್ ಅಲ್ಲ, ಮೊತ್ತ ಗೊತ್ತಿರುವ ಸಾದಾ ಬಾಕಿ ಖರ್ಚು. ಇನ್ನೊಂದು, ಒಬ್ಬ ಗಿರಾಕಿ 12 ಲಕ್ಷ ಪರಿಹಾರ ಕೇಳಿ ಕೋರ್ಟಿಗೆ ಹೋಗಿದ್ದಾನೆ, ಆದರೆ ಕಂಪನಿ ಸೋಲುವ ಸಂಭವ ಕಡಿಮೆ ಎಂದು ವಕೀಲರು ಬರೆದು ಕೊಟ್ಟಿದ್ದಾರೆ. ಇದೂ ಪ್ರಾವಿಷನ್ ಅಲ್ಲ, ಕಂಟಿಂಜೆಂಟ್ ಲಯಬಿಲಿಟಿ. ಮೊತ್ತ ನೋಟ್‌ನಲ್ಲಿ ಮಾತ್ರ ಬರುತ್ತದೆ, ಲಾಭದಿಂದ ಒಂದು ರೂಪಾಯಿಯೂ ಕಳೆಯುವುದಿಲ್ಲ. ಮುಂದಿನ ವರ್ಷ ತೀರ್ಪಿನ ಗಾಳಿ ಬದಲಾಗಿ ಸೋಲುವ ಸಂಭವವೇ ಜಾಸ್ತಿ ಎನಿಸಿದರೆ ಆಗ ಅದೇ ಪ್ರಾವಿಷನ್ ಆಗುತ್ತದೆ.

ಈಗ ಲೆಕ್ಕ: 100ರಿಂದ 8 ಮತ್ತು 3 ಕಳೆದರೆ 89 ಲಕ್ಷ. ಆದಾಯ ತೆರಿಗೆಗೆ 24 ಲಕ್ಷ ಪ್ರಾವಿಷನ್ ಎಂದುಕೊಳ್ಳೋಣ. ಅದರಲ್ಲಿ 20 ಲಕ್ಷ ಮುಂಗಡವಾಗಿ ಕಟ್ಟಿದ್ದಾರೆ, ಹಾಗಾಗಿ ಬ್ಯಾಲೆನ್ಸ್ ಶೀಟ್‌ನಲ್ಲಿ ಉಳಿಯುವುದು 4 ಲಕ್ಷ. ತೆರಿಗೆ ಕಳೆದ ಲಾಭ 65 ಲಕ್ಷ. ರಿಸರ್ವ್‌ನ ಮಾತು ಶುರುವಾಗುವುದು ಈ 65ರಿಂದ, ಅದಕ್ಕೂ ಮೊದಲಲ್ಲ.

ಹೆಸರು ನೋಡಿ ಮೋಸ ಹೋಗಬೇಡಿ. ಹಳೇ ಪುಸ್ತಕಗಳಲ್ಲಿ, ಕೆಲವು ಆಫೀಸುಗಳಲ್ಲಿ ಈಗಲೂ, ಮುಳುಗುವ ಬಾಕಿಗೆ ತೆಗೆದಿಟ್ಟದ್ದನ್ನು "ರಿಸರ್ವ್ ಫಾರ್ ಡೌಟ್‌ಫುಲ್ ಡೆಟ್ಸ್" ಎಂದೇ ಬರೆಯುತ್ತಾರೆ. ಹೆಸರಲ್ಲಿ ರಿಸರ್ವ್ ಇದ್ದರೂ ಅದು ಪ್ರಾವಿಷನ್ನೇ. ಇದಕ್ಕೆ ತಿರುಗುಮುರುಗಾದ ಸಂಗತಿ ಡಿವಿಡೆಂಡ್‌ನದ್ದು. "ಪ್ರಪೋಸ್ಡ್ ಡಿವಿಡೆಂಡ್"ಅನ್ನು ಶಾರ್ಟ್-ಟರ್ಮ್ ಪ್ರಾವಿಷನ್ ಅಡಿಯಲ್ಲಿ ತೋರಿಸುವುದನ್ನು ನೀವು ಹಳೇ ನೋಟ್ಸ್‌ನಲ್ಲಿ ಓದಿರಬಹುದು. 2016ರಲ್ಲಿ ಮಾನದಂಡ 4 ಬದಲಾದ ಮೇಲೆ ಹಾಗಿಲ್ಲ. ವರ್ಷ ಮುಗಿದ ಮೇಲೆ ಘೋಷಿಸುವ ಡಿವಿಡೆಂಡ್ ವರ್ಷದ ಕೊನೆಯ ದಿನಕ್ಕೆ ಹೊಣೆಯೇ ಅಲ್ಲ, ನೋಟ್‌ನಲ್ಲಿ ಹೇಳಿದರೆ ಸಾಕು.

ತಪ್ಪಾಗಿ ಹಾಕಿದರೆ ಏನಾಗುತ್ತದೆ?

ಡೀಲರ್‌ನ 8 ಲಕ್ಷವನ್ನು ಪ್ರಾವಿಷನ್ ಮಾಡದೆ "ಮುಂದೆ ನೋಡೋಣ" ಎಂದು ಲಾಭದಿಂದ ಒಂದು ರಿಸರ್ವ್‌ಗೆ ಹಾಕಿದರು ಎನ್ನಿ. ಆಗ ವರ್ಷದ ಲಾಭ 8 ಲಕ್ಷ ಜಾಸ್ತಿ ಕಾಣುತ್ತದೆ. ಬಾಕಿಯೂ ಪೂರ್ತಿ 200 ಎಂದೇ ನಿಲ್ಲುತ್ತದೆ. ಆ ರಿಸರ್ವ್ ಮಾಲೀಕರ ಪಾಲಿನಲ್ಲಿ ಸೇರಿದ್ದರಿಂದ ಮುಂದಿನ ವರ್ಷ ನಿರ್ದೇಶಕರು ಅದನ್ನು ಡಿವಿಡೆಂಡ್ ಆಗಿ ಕೊಡಲೂಬಹುದು. ಕೊಟ್ಟ ಮೇಲೆ ಡೀಲರ್ ದುಡ್ಡು ಬರಲೇ ಇಲ್ಲ. ಅಲ್ಲಿಗೆ ಇಲ್ಲದ ಲಾಭವನ್ನು ಹಂಚಿದಂತಾಯಿತು, ಅದಕ್ಕೆ ಬೇಕಾದ ನಗದು ಬ್ಯಾಂಕ್ ಸಾಲದಿಂದಲೋ ಸರಕು ಕೊಟ್ಟವರ ಬಾಕಿ ಮುಂದೂಡಿಯೋ ಬಂದಿರುತ್ತದೆ. ಲಾಭಕ್ಕೆ ಮೊದಲೇ ಕಳೆಯುವುದಕ್ಕೂ ಲಾಭ ತೋರಿಸಿದ ಮೇಲೆ ಎತ್ತಿಡುವುದಕ್ಕೂ ಇಷ್ಟು ದೊಡ್ಡ ಅಂತರ ಇದೆ.

ಹೆಜ್ಜೆ 3: ರಿಸರ್ವ್ ಎಲ್ಲಿಂದ ಬಂತು ಎಂದು ಕೇಳಿ

ಕಂಪನಿ ಕಾಯ್ದೆಯ ಮೂರನೇ ಶೆಡ್ಯೂಲ್ ಪ್ರಕಾರ ಷೇರು ಬಂಡವಾಳದ ಕೆಳಗೆ "ರಿಸರ್ವ್ಸ್ ಅಂಡ್ ಸರ್ಪ್ಲಸ್" ಎಂಬ ಒಂದೇ ಸಾಲು ಬರುತ್ತದೆ. ಇಂಡ್ ಎಎಸ್ ಎಂಬ ಬೇರೆ ಲೆಕ್ಕಪತ್ರ ಮಾನದಂಡಗಳನ್ನು ಅನುಸರಿಸುವ ದೊಡ್ಡ ಕಂಪನಿಗಳಲ್ಲಾದರೆ "ಅದರ್ ಈಕ್ವಿಟಿ" ಎಂದಿರುತ್ತದೆ. ಒಂದೇ ಮೊತ್ತ ನೋಡಿ ತೀರ್ಮಾನಕ್ಕೆ ಬರಬೇಡಿ, ಅದರ ನೋಟ್ ತೆಗೆಯಿರಿ. ಪ್ರತಿ ಸಾಲಿಗೂ ಕೇಳಿ: ಇದು ದಿನನಿತ್ಯದ ವ್ಯಾಪಾರದಿಂದ ಬಂದದ್ದೋ, ಇಲ್ಲ ಬಂಡವಾಳದ ವ್ಯವಹಾರದಿಂದ ಬಂದದ್ದೋ?

ಪಂಪ್ ಮಾರಿ ಬಂದ ಲಾಭದಲ್ಲಿ ಉಳಿಸಿಕೊಂಡದ್ದು ರೆವೆನ್ಯೂ ರಿಸರ್ವ್. ನಮ್ಮ ಕಂಪನಿ 65ರಲ್ಲಿ 15 ಲಕ್ಷವನ್ನು ಜನರಲ್ ರಿಸರ್ವ್‌ಗೆ ಹಾಕಿದೆ, ಅಲ್ಲಿ ಮೊದಲೇ 60 ಇತ್ತು, ಈಗ 75 ಆಯಿತು. ಉಳಿದ 50 ಲಕ್ಷ ಹಿಂದಿನ 20ರ ಜೊತೆ ಸೇರಿ ಸರ್ಪ್ಲಸ್ 70 ಆಯಿತು. ಇವೆರಡೂ ರೆವೆನ್ಯೂ ಕಡೆಯವು.

ಕ್ಯಾಪಿಟಲ್ ಕಡೆಗೆ ಮೂರು ಸಾಲು ಇವೆ. ಮೊದಲನೆಯದು ಸೆಕ್ಯುರಿಟೀಸ್ ಪ್ರೀಮಿಯಂ. ಹಿಂದೊಮ್ಮೆ ಕಂಪನಿ 10 ರೂಪಾಯಿ ಮುಖಬೆಲೆಯ 1 ಲಕ್ಷ ಷೇರುಗಳನ್ನು 50 ರೂಪಾಯಿಗೆ ಮಾರಿತ್ತು. ಮುಖಬೆಲೆಯ 10 ಲಕ್ಷ ಬಂಡವಾಳಕ್ಕೆ ಹೋಯಿತು, ಮೇಲಿನ 40 ಲಕ್ಷ ಪ್ರೀಮಿಯಂ ಖಾತೆಗೆ. ಇದು ಗಿರಾಕಿ ಕೊಟ್ಟ ಲಾಭವಲ್ಲ, ಷೇರುದಾರ ತಾನೇ ತಂದು ಹಾಕಿದ ದುಡ್ಡು. ಅದನ್ನೇ ಡಿವಿಡೆಂಡ್ ಎಂದು ವಾಪಸ್ ಕೊಟ್ಟರೆ ಅವನ ಜೇಬಿನ ದುಡ್ಡನ್ನೇ ಲಾಭ ಎಂದು ಕರೆದ ಹಾಗೆ, ಅಲ್ವಾ? ಅದಕ್ಕೇ 52ನೇ ಸೆಕ್ಷನ್ ಇದನ್ನು ಕೆಲವೇ ಕೆಲಸಕ್ಕೆ ಬಳಸಲು ಬಿಡುತ್ತದೆ: ಇರುವ ಷೇರುದಾರರಿಗೆ ದುಡ್ಡು ತೆಗೆದುಕೊಳ್ಳದೆ ಬೋನಸ್ ಷೇರು ಕೊಡುವುದು, ಷೇರು ಹೊರಡಿಸಿದ ಖರ್ಚನ್ನು ತೊಡೆದುಹಾಕುವುದು, ಷೇರು ಮರಳಿ ಕೊಳ್ಳುವುದು, ಇಂಥವು.

ಎರಡನೆಯದು "ಕ್ಯಾಪಿಟಲ್ ರಿಸರ್ವ್" ಎಂಬ ಹೆಸರಿನ ಸಾಲೇ. ಒಬ್ಬ ಷೇರುದಾರ 10,000 ಷೇರು ತೆಗೆದುಕೊಂಡು ಷೇರಿಗೆ 6 ರೂಪಾಯಿ ಕಟ್ಟಿ, ಉಳಿದ 4 ರೂಪಾಯಿ ಕಟ್ಟದೆ ಹೋದ. ಕಂಪನಿ ಷೇರುಗಳನ್ನು ಮುಟ್ಟುಗೋಲು ಹಾಕಿಕೊಂಡಿತು, ಅವನ 60,000 ರೂಪಾಯಿ ಕಂಪನಿಯಲ್ಲೇ ಉಳಿಯಿತು. ಆಮೇಲೆ ಅವೇ ಷೇರುಗಳನ್ನು ಪೂರ್ತಿ ಪಾವತಿಯಾದವು ಎಂದು 8 ರೂಪಾಯಿಗೆ ಬೇರೆಯವರಿಗೆ ಕೊಟ್ಟಿತು. ಷೇರಿಗೆ 2 ರೂಪಾಯಿ ಕಡಿಮೆ ಬಿತ್ತು, ಒಟ್ಟು 20,000. ಅದನ್ನು 60,000ದಿಂದ ಕಳೆದರೆ ಉಳಿದ 40,000 ಕ್ಯಾಪಿಟಲ್ ರಿಸರ್ವ್. ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಪೂರ್ತಿ 60,000 ಹಾಕಿಬಿಡುತ್ತಾರೆ. ಹಾಗೇ, ಮುಟ್ಟುಗೋಲು ಹಾಕಿದ ಷೇರುಗಳಲ್ಲಿ ಅರ್ಧವನ್ನಷ್ಟೇ ಮತ್ತೆ ಕೊಟ್ಟಿದ್ದರೆ, ಆ ಅರ್ಧಕ್ಕೆ ಸೇರಿದ ಮೊತ್ತವನ್ನು ಮಾತ್ರ ಕ್ಯಾಪಿಟಲ್ ರಿಸರ್ವ್‌ಗೆ ಸಾಗಿಸಬೇಕು.

ಮೂರನೆಯದು ರಿವ್ಯಾಲ್ಯುಯೇಷನ್ ರಿಸರ್ವ್. ಕಾರ್ಖಾನೆಯ ಜಾಗ ಲೆಕ್ಕದಲ್ಲಿ 30 ಲಕ್ಷ ಇತ್ತು, ಮೌಲ್ಯಮಾಪನ ಮಾಡಿಸಿ 80 ಲಕ್ಷಕ್ಕೆ ಏರಿಸಿದರು. ಹೆಚ್ಚಾದ 50 ಲಕ್ಷ ಈ ಸಾಲಿಗೆ ಬಂತು. ಜಾಗ ಮಾರಿಲ್ಲ, ಒಂದು ರೂಪಾಯಿ ಕೈಗೆ ಬಂದಿಲ್ಲ. ಇದರಿಂದ ಡಿವಿಡೆಂಡ್ ಇರಲಿ, ಬೋನಸ್ ಷೇರು ಕೊಡುವುದಕ್ಕೂ 63ನೇ ಸೆಕ್ಷನ್ ಬಿಡುವುದಿಲ್ಲ. ಪ್ರೀಮಿಯಂ ಖಾತೆಗಿಂತ ಇದು ಇನ್ನೂ ಬಿಗಿ.

ಇಲ್ಲಿ ಒಂದು ಮಾತು. ಮೂರೂ ಕ್ಯಾಪಿಟಲ್ ಜಾತಿಯವು, ಆದರೆ "ಕ್ಯಾಪಿಟಲ್ ರಿಸರ್ವ್" ಎಂಬ ಸಾಲಿನಲ್ಲಿ ಕಾಣುವುದು 40,000 ರೂಪಾಯಿ ಮಾತ್ರ. ಜಾತಿಯ ಹೆಸರೂ ಸಾಲಿನ ಹೆಸರೂ ಒಂದೇ ಆಗಿರುವುದರಿಂದ ಆ ಸಾಲಿನ ಮೊತ್ತ ಚಿಕ್ಕದಿದ್ದರೆ "ಉಳಿದದ್ದೆಲ್ಲ ಹಂಚಬಹುದು" ಎಂದು ಓದುಗರು ತಿಳಿದುಕೊಳ್ಳುತ್ತಾರೆ. ತಪ್ಪು. "ರಿಸರ್ವ್ ಕ್ಯಾಪಿಟಲ್" ಎಂಬುದಂತೂ ಬೇರೆಯೇ. ಅದು ಷೇರುದಾರರಿಂದ ಇನ್ನೂ ಕೇಳದ, ಕಂಪನಿ ಮುಚ್ಚುವಾಗ ಮಾತ್ರ ಕೇಳಬಹುದಾದ ಬಂಡವಾಳ, ಈ ನೋಟ್‌ಗೆ ಸೇರುವುದೇ ಇಲ್ಲ.

ಇನ್ನು ಹಳೇ ಯಂತ್ರ ಮಾರಿದ ಲಾಭ. ಪಠ್ಯಪುಸ್ತಕಗಳು ಇದನ್ನು ಕ್ಯಾಪಿಟಲ್ ಲಾಭ, ಕ್ಯಾಪಿಟಲ್ ರಿಸರ್ವ್‌ಗೆ ಹಾಕಿ ಎನ್ನುತ್ತವೆ. ಪರೀಕ್ಷೆಗೆ ಹಾಗೇ ಬರೆಯಿರಿ. ಆದರೆ ನಿಜವಾದ ಕಂಪನಿ ಲೆಕ್ಕದಲ್ಲಿ ಮಾನದಂಡ 10ರ ಪ್ರಕಾರ ಈ ಲಾಭ ಲಾಭ-ನಷ್ಟ ಖಾತೆಗೇ ಹೋಗುತ್ತದೆ, ಅಲ್ಲಿಂದ ಸರ್ಪ್ಲಸ್‌ಗೆ. ವಾರ್ಷಿಕ ವರದಿ ಓದುವಾಗ ಕ್ಯಾಪಿಟಲ್ ರಿಸರ್ವ್‌ನಲ್ಲಿ ಅದನ್ನು ಹುಡುಕಿದರೆ ಸಿಗದು.

ಬೆಂಗಳೂರಿನದೇ ಒಂದು ನಿಜ ಉದಾಹರಣೆ

2017ರಲ್ಲಿ ಇನ್ಫೋಸಿಸ್ ತನ್ನ ಷೇರುಗಳನ್ನು ತಾನೇ ಮರಳಿ ಕೊಂಡಿತು. ಷೇರಿಗೆ 1,150 ರೂಪಾಯಿಯಂತೆ 11.3 ಕೋಟಿ ಷೇರು, ಒಟ್ಟು ಸುಮಾರು 13,000 ಕೋಟಿ ರೂಪಾಯಿ. ಮರಳಿ ಕೊಂಡ ಷೇರು ರದ್ದಾಗುತ್ತದೆ, ಬಂಡವಾಳ ಕಡಿಮೆಯಾಗುತ್ತದೆ. ಕಂಪನಿಗೆ ಸಾಲ ಕೊಟ್ಟವರು ನಂಬಿಕೊಂಡಿದ್ದ ಬಂಡವಾಳ ಹೀಗೆ ಕರಗಬಾರದು ಎಂದು ಕಾಯ್ದೆಯ 69ನೇ ಸೆಕ್ಷನ್ ಒಂದು ಕಟ್ಟು ಹಾಕಿದೆ. ಹಂಚಬಹುದಾದ ರಿಸರ್ವ್‌ನಿಂದಲೋ ಪ್ರೀಮಿಯಂನಿಂದಲೋ ಷೇರು ಕೊಂಡರೆ, ರದ್ದಾದ ಷೇರುಗಳ ಮುಖಬೆಲೆಯಷ್ಟನ್ನು "ಕ್ಯಾಪಿಟಲ್ ರಿಡೆಂಪ್ಷನ್ ರಿಸರ್ವ್" ಎಂಬ ಖಾತೆಗೆ ಸಾಗಿಸಬೇಕು. ಇನ್ಫೋಸಿಸ್ ಷೇರಿನ ಮುಖಬೆಲೆ 5 ರೂಪಾಯಿ. 11.3 ಕೋಟಿಯನ್ನು 5ರಿಂದ ಗುಣಿಸಿದರೆ ಸುಮಾರು 56 ಕೋಟಿ. ಹೊರಗೆ ಹೋದದ್ದು 13,000 ಕೋಟಿ, ಬೀಗ ಹಾಕಿದ್ದು 56 ಕೋಟಿ. ಮೊದಲ ಸಲ ನೋಡಿದವರಿಗೆ ಇದು ಲೆಕ್ಕ ತಪ್ಪಿದಂತೆ ಕಾಣುತ್ತದೆ, ಆದರೆ ಬಂಡವಾಳ ಕಡಿಮೆಯಾದದ್ದೇ ಅಷ್ಟು, ಅದರ ಜಾಗಕ್ಕೆ ಅಷ್ಟೇ ಬಂದು ಕೂತಿದೆ. ವ್ಯಾಪಾರದಲ್ಲಿ ದುಡಿದ ಲಾಭವೂ ಹೀಗೆ ಒಂದು ಹೆಸರು ಬದಲಾದ ಕೂಡಲೇ ಹಂಚಲಾಗದ ದುಡ್ಡಾಗುತ್ತದೆ. ಆಮೇಲೆ ಅದನ್ನು ಬೋನಸ್ ಷೇರು ಕೊಡಲು ಮಾತ್ರ ಬಳಸಬಹುದು.

ಹೆಜ್ಜೆ 4: ಹಂಚಬಹುದಾದದ್ದನ್ನು ಬೇರೆ ಮಾಡಿ

ಪಂಪ್ ಕಂಪನಿಗೆ ವಾಪಸ್ ಬರೋಣ. ಕ್ಯಾಪಿಟಲ್ ರಿಸರ್ವ್ 0.40, ಪ್ರೀಮಿಯಂ 40, ರಿವ್ಯಾಲ್ಯುಯೇಷನ್ 50, ಜನರಲ್ ರಿಸರ್ವ್ 75, ಸರ್ಪ್ಲಸ್ 70. ಒಟ್ಟು 235.40 ಲಕ್ಷ. ಇದರಲ್ಲಿ ಕಾಯ್ದೆಯ ಭಾಷೆಯ "ಫ್ರೀ ರಿಸರ್ವ್ಸ್", ಅಂದರೆ ಡಿವಿಡೆಂಡ್ ಆಗಿ ಕೊಡಬಹುದಾದದ್ದು, ಕೊನೆಯ ಎರಡು ಮಾತ್ರ: 145 ಲಕ್ಷ.

ಈ ವ್ಯತ್ಯಾಸದ ಬಿಸಿ ತಟ್ಟುವುದು ನಷ್ಟದ ವರ್ಷದಲ್ಲಿ. ಮುಂದಿನ ವರ್ಷ ಕಂಪನಿಗೆ 18 ಲಕ್ಷ ನಷ್ಟವಾಯಿತು, ಆದರೂ ಜನರಲ್ ರಿಸರ್ವ್‌ನಿಂದ ಡಿವಿಡೆಂಡ್ ಕೊಡಬೇಕು ಎಂದು ನಿರ್ದೇಶಕರಿಗೆ ಆಸೆ. 2014ರ ಡಿವಿಡೆಂಡ್ ನಿಯಮಗಳ ಪ್ರಕಾರ ತೆಗೆಯಬಹುದಾದ ಮೊತ್ತ ಬಂಡವಾಳ ಮತ್ತು ಫ್ರೀ ರಿಸರ್ವ್ಸ್ ಕೂಡಿಸಿದ್ದರ ಹತ್ತನೇ ಒಂದು ಭಾಗ ಮೀರುವಂತಿಲ್ಲ. ಕೊನೆಯ ಆಡಿಟ್ ಆದ ಲೆಕ್ಕ ನಮ್ಮ ಇದೇ ಬ್ಯಾಲೆನ್ಸ್ ಶೀಟ್ ಎಂದಿಟ್ಟುಕೊಂಡರೆ 100 ಮತ್ತು 145 ಕೂಡಿ 245, ಅದರ ಹತ್ತನೇ ಒಂದು 24.50 ಲಕ್ಷ. ತೆಗೆದದ್ದರಲ್ಲಿ ಮೊದಲು ಆ ವರ್ಷದ 18 ಲಕ್ಷ ನಷ್ಟ ತುಂಬಬೇಕು. ಡಿವಿಡೆಂಡ್‌ಗೆ ಉಳಿಯುವುದು 6.50 ಲಕ್ಷ. ಯಾರಾದರೂ ಅವಸರದಲ್ಲಿ ಒಟ್ಟು 235.40ನ್ನೇ ಹಿಡಿದು ಲೆಕ್ಕ ಹಾಕಿದರೆ ಮಿತಿ 33.54 ಲಕ್ಷ ಬರುತ್ತದೆ, ಡಿವಿಡೆಂಡ್‌ಗೆ 15.54 ಲಕ್ಷ ಇದೆ ಎನಿಸುತ್ತದೆ. 9 ಲಕ್ಷಕ್ಕೂ ಜಾಸ್ತಿ ಕಾನೂನು ಮೀರಿ ಹಂಚಿದಂತೆ. ಇದಲ್ಲದೆ ಡಿವಿಡೆಂಡ್ ದರ ಹಿಂದಿನ 3 ವರ್ಷಗಳ ಸರಾಸರಿ ದಾಟಬಾರದು, ತೆಗೆದ ಮೇಲೆ ರಿಸರ್ವ್ ಬಂಡವಾಳದ ಶೇ. 15ಕ್ಕಿಂತ ಕೆಳಗೆ ಇಳಿಯಬಾರದು ಎಂಬ ಷರತ್ತುಗಳೂ ಇವೆ.

ಹೆಜ್ಜೆ 5: ರಿಸರ್ವ್ ಎಲ್ಲಿದೆ ಎಂದು ಆಸ್ತಿ ಕಡೆ ನೋಡಿ

ಈಗ ಆ ಹುಡುಗನ ಪ್ರಶ್ನೆ. ಷೇರು ಬಂಡವಾಳ ಮತ್ತು ರಿಸರ್ವ್ ಸೇರಿ 335.40 ಲಕ್ಷ, ಪ್ರಾವಿಷನ್ 7 ಲಕ್ಷ, ಸಾಲ ಮತ್ತು ಇತರ ಬಾಕಿ 155.60 ಲಕ್ಷ. ಒಟ್ಟು 498 ಲಕ್ಷ. ಇದೆಲ್ಲ ಎಲ್ಲಿ ಕೂತಿದೆ? ಜಾಗ 80, ಕಟ್ಟಡ ಮತ್ತು ಯಂತ್ರ 140, ಗೋಡೌನ್‌ನಲ್ಲಿ ಸರಕು 80, ಗಿರಾಕಿಗಳ ಬಾಕಿ 192, ಬ್ಯಾಂಕಿನಲ್ಲಿ 6. ಸಂಬಳ ಕೊಡಲು ಕೈಯಲ್ಲಿರುವುದು ಆ 6 ಲಕ್ಷ ಮಾತ್ರ. ರಿಸರ್ವ್ ಅನ್ನುವುದು ಪೆಟ್ಟಿಗೆಯಲ್ಲಿಟ್ಟ ನಗದಲ್ಲ, ಕಂಪನಿಯ ಆಸ್ತಿಯಲ್ಲಿ ಮಾಲೀಕರ ಹಕ್ಕು ಎಷ್ಟು ಎಂದು ಹೇಳುವ ಅಂಕಿ. ಆ ಲಾಭ ಆಗಲೇ ಲೇತ್ ಯಂತ್ರವಾಗಿದೆ, ತಾಮ್ರದ ತಂತಿಯಾಗಿದೆ, ಡೀಲರ್‌ಗಳ ಬಾಕಿಯಾಗಿದೆ. ರಿಸರ್ವ್‌ನಷ್ಟೇ ಮೊತ್ತವನ್ನು ಹೊರಗೆ ಬೇರೆಯಾಗಿ ಹೂಡಿಟ್ಟಿದ್ದರೆ ಮಾತ್ರ ಅದನ್ನು ರಿಸರ್ವ್ ಫಂಡ್ ಎನ್ನುತ್ತಾರೆ, ಆಗ ಆಸ್ತಿ ಕಡೆ ಅದಕ್ಕೆ ಸರಿಯಾದ ಹೂಡಿಕೆಯ ಸಾಲು ಕಾಣಲೇಬೇಕು.

ಹೆಜ್ಜೆ 6: ಪ್ರಾವಿಷನ್ ಹೆಸರಲ್ಲಿ ಲಾಭ ಬಚ್ಚಿಟ್ಟಿದ್ದಾರಾ?

ಒಳ್ಳೇ ವರ್ಷದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಪ್ರಾವಿಷನ್ ತೆಗೆದು, ಕೆಟ್ಟ ವರ್ಷದಲ್ಲಿ ಅದನ್ನು ವಾಪಸ್ ಬರೆದುಕೊಂಡು ಲಾಭ ಸಮವಾಗಿ ಕಾಣುವಂತೆ ಮಾಡುವವರಿದ್ದಾರೆ. 1956ರ ಕಾಯ್ದೆ ಇದನ್ನು ನೇರವಾಗಿ ಹೇಳುತ್ತಿತ್ತು: ಅಗತ್ಯಕ್ಕಿಂತ ಹೆಚ್ಚಾದ ಪ್ರಾವಿಷನ್ನನ್ನು ರಿಸರ್ವ್ ಎಂದೇ ಎಣಿಸಬೇಕು. ಕಂಡುಹಿಡಿಯಲು ದೊಡ್ಡ ಕಂಪನಿಗಳ ಪ್ರಾವಿಷನ್ ನೋಟ್‌ನಲ್ಲಿ ಆರಂಭದ ಮೊತ್ತ, ಈ ವರ್ಷ ಸೇರಿಸಿದ್ದು, ನಿಜವಾಗಿ ಬಳಸಿದ್ದು, ಬಳಸದೆ ವಾಪಸ್ ಬರೆದದ್ದು, ಕೊನೆಯ ಮೊತ್ತ ಎಂಬ ಲೆಕ್ಕ ಇರುತ್ತದೆ. ವರ್ಷವರ್ಷವೂ 3 ಲಕ್ಷ ಸೇರಿಸಿ ಬಳಸಿದ್ದು 50,000 ಮಾತ್ರ ಎಂದಿದ್ದರೆ ಅಂದಾಜು ಸರಿಯಿಲ್ಲ. ಮಾರಾಟ ಕುಸಿದ ವರ್ಷದಲ್ಲೇ ದೊಡ್ಡ ಮೊತ್ತ ವಾಪಸ್ ಬಂದಿದ್ದರೆ ಇನ್ನೂ ಹುಷಾರಾಗಿ ಓದಿ.

ವಾಪಸ್ ಬರೆಯುವ ದಾರಿಯನ್ನೂ ನೋಡಿ. ನಮ್ಮ ಡೀಲರ್ ಮುಂದಿನ ವರ್ಷ 5 ಲಕ್ಷ ತಂದುಕೊಟ್ಟ ಎನ್ನಿ. ಬೇಡವಾದ ಆ 5 ಲಕ್ಷದ ಪ್ರಾವಿಷನ್ ಲಾಭ-ನಷ್ಟ ಖಾತೆಯ ಆದಾಯವಾಗಿಯೇ ಬರಬೇಕು, ಖರ್ಚಾಗಿ ಹೊರಟದ್ದು ಅದೇ ಬಾಗಿಲಿಂದ ಒಳಗೆ ಬರಬೇಕು. ನೇರವಾಗಿ ಜನರಲ್ ರಿಸರ್ವ್‌ಗೆ ಸೇರಿಸಿದ್ದರೆ ಆ ಎಂಟ್ರಿ ತಪ್ಪು, ಆಡಿಟರ್ ಹತ್ತಿರ ಕೇಳಿ.